ಸಾಲ ಎಷ್ಟು ಕಡೆ ಬರೆದಿದೆ, ಬಡ್ಡಿ ಎಲ್ಲಿ ಕೂತಿದೆ: ಒಂದು ಬ್ಯಾಲೆನ್ಸ್ ಶೀಟು, ಮೂರು ಲೆಕ್ಕ

ಕಂಪನಿಯ ಲೆಕ್ಕದಿಂದ ಕರೆಂಟ್ ರೇಷಿಯೋ, ಸಾಲ-ಬಂಡವಾಳದ ಅನುಪಾತ, ಬಡ್ಡಿ ಕವರ್ ಅನ್ನೋ ಮೂರು ಅನುಪಾತ ತೆಗೆಯೋದರ ಬಗ್ಗೆ ಚಿಕ್ಕಮಗಳೂರಿನಲ್ಲಿ ಕಳೆದ ಭಾನುವಾರ ಮಾತಾಡಿದ್ದನ್ನು ಬರೆದು ಕೊಡಿ ಅಂತ ಬಂದವರಲ್ಲಿ ಕೆಲವರು ಕೇಳಿದ್ದರು. ಅವತ್ತು ಹೊರಗೆ ಬಿಡದ ಮಳೆ, ಒಳಗೆ ಕರೆಂಟಿಲ್ಲ. ಕರೆಂಟ್ ರೇಷಿಯೋ ಹೇಳೋಕೆ ಬಂದವನಿಗೆ ಕರೆಂಟೇ ಇಲ್ವಲ್ಲ ಸಾರ್ ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು, ಎಲ್ಲರೂ ನಕ್ಕರು. ಪ್ರೊಜೆಕ್ಟರ್ ಮೂಲೆಗೆ ಹೋಯಿತು. ನಾನು ಬೋರ್ಡಿನ ಮೇಲೆ ಮಾರ್ಕರ್‌ನಲ್ಲಿ ಗೀಚುತ್ತಾ ಹೋದೆ. ಅವತ್ತು ಗೀಚಿದ್ದು, ಹೇಳಿದ್ದು, ಜನ ಕೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನು. ದಿನಕ್ಕೆ ಮೂರು ನಾಲ್ಕು ಬ್ಯಾಲೆನ್ಸ್ ಶೀಟು ನೋಡೋದೇ ಕೆಲಸ. ಆ ಅಭ್ಯಾಸದಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಮೂರು ಅನುಪಾತಗಳಲ್ಲಿ ಕಷ್ಟದ್ದು ಭಾಗಾಕಾರ ಅಲ್ಲ. ಮೇಲೆ ಯಾವ ಸಂಖ್ಯೆ ಇಡಬೇಕು, ಕೆಳಗೆ ಯಾವುದು, ಮತ್ತೆ ಅದು ವರದಿಯ ಯಾವ ಪುಟದಲ್ಲಿದೆ, ಅಲ್ಲೇ ಜನ ಎಡವೋದು.

ಎಡವೋದು ಶುರುವಾಗುವುದು ವರದಿ ತೆರೆದ ಕೂಡಲೇ. ವಾರ್ಷಿಕ ವರದಿಯಲ್ಲಿ ಲೆಕ್ಕ ಎರಡು ಸಲ ಇರುತ್ತದೆ. ಒಂದು ಸ್ಟ್ಯಾಂಡ್‌ಅಲೋನ್, ಅಂದರೆ ಆ ಕಂಪನಿಯದು ಮಾತ್ರ. ಇನ್ನೊಂದು ಕನ್ಸಾಲಿಡೇಟೆಡ್, ಅಂದರೆ ಅದರ ಕೈಕೆಳಗಿನ ಕಂಪನಿಗಳನ್ನೂ ಸೇರಿಸಿದ್ದು. ನಾನೂ ಒಮ್ಮೆ ಇಲ್ಲೇ ಬಿದ್ದಿದ್ದೇನೆ. ಹೆಸರು ಬೇಡ. ಸ್ಟ್ಯಾಂಡ್‌ಅಲೋನ್ ಲೆಕ್ಕ ಮೊದಲು ಬಂತು, ಅದರಲ್ಲಿ ಸಾಲ ಏನೇನೂ ಇಲ್ಲ ಅನ್ನೋ ಹಾಗಿತ್ತು, ಸ್ವಂತ ದುಡ್ಡು ಹಾಕಿ ಶೇರು ತಗೊಂಡೆ. ಸಾಲವೆಲ್ಲ ಮರಿ ಕಂಪನಿಯ ಹೆಸರಿನಲ್ಲಿತ್ತು, ಜಾಮೀನು ತಾಯಿ ಕಂಪನಿಯದ್ದು. ಕೊನೆಗೆ ಬ್ಯಾಂಕು ಬಂದು ತಾಯಿಯ ಬಾಗಿಲು ತಟ್ಟಿತು. ಊರವರಿಗೆಲ್ಲ ಸಾಲ ಅಳೆದು ಕೊಡುತ್ತಿದ್ದವನು ನಾನು, ಮನೆಯಲ್ಲಿ ಇವತ್ತಿಗೂ ಅದನ್ನು ಹೇಳಿ ನಗ್ತಾರೆ. ಹಾಗಾಗಿ ಇಲ್ಲಿಂದ ಮುಂದೆ ನಾನು ಹೇಳೋದೆಲ್ಲ ಕನ್ಸಾಲಿಡೇಟೆಡ್ ಲೆಕ್ಕದ ಮೇಲೆ.

ಉದಾಹರಣೆಗೆ ಒಂದು ಕಂಪನಿ ಬೇಕು. ನಿಜವಾದ ಕಂಪನಿ ತಗೊಂಡರೆ ಅರ್ಧ ಜನ ಆ ಶೇರಿನ ಬಗ್ಗೆಯೇ ಯೋಚನೆ ಮಾಡ್ತಾರೆ, ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಬೋರ್ಡಿನ ಮೇಲೆ ನಾನೇ ಒಂದು ಕಂಪನಿ ಕಟ್ಟಿದೆ. ಹೆಸರಿಲ್ಲ. ಸ್ವಲ್ಪ ಕಾಫಿ ತೋಟ ಇದೆ, ಕ್ಯೂರಿಂಗ್ ವರ್ಕ್ಸ್ ಇದೆ, ಹೊರಗಿನಿಂದ ಕಾಫಿ ಕೊಂಡು ರಫ್ತು ಮಾಡುತ್ತದೆ, ಈಗ ಹೊಸದಾಗಿ ಇನ್‌ಸ್ಟಂಟ್ ಕಾಫಿ ಘಟಕ ಕಟ್ಟುತ್ತಿದೆ. ಅಂಕಿಗಳೂ ನನ್ನವೇ, ಎಲ್ಲ ಕೋಟಿ ರೂಪಾಯಿಗಳಲ್ಲಿ.

ಮಾರ್ಚ್ 31ಕ್ಕೆ ಅದರ ಒಟ್ಟು ಆಸ್ತಿ 840 ಕೋಟಿ. ಅದರಲ್ಲಿ 470 ದೀರ್ಘಾವಧಿಯದು: ಜಮೀನು, ಗಿಡ, ಯಂತ್ರ, ಮತ್ತೆ ಇನ್ನೂ ಮುಗಿಯದ ಆ ಘಟಕ. ಉಳಿದ 370 ಚಾಲ್ತಿ ಆಸ್ತಿ. ಹೊಣೆಯ ಕಡೆ ನೋಡಿದರೆ ಶೇರುದಾರರ ಬಂಡವಾಳ 300, ದೀರ್ಘಾವಧಿ ಹೊಣೆ 230, ಚಾಲ್ತಿ ಹೊಣೆ 310. ಕೂಡಿಸಿ, 840 ಬಂತಲ್ವಾ? ಎರಡು ಕಡೆ ಸರಿಹೋಯಿತು. ಈ ನಾಲ್ಕೈದು ಅಂಕಿ ನೆನಪಿಟ್ಟುಕೊಂಡರೆ ಸಾಕು, ಮಿಕ್ಕಿದ್ದು ಹೋಗ್ತಾ ತೆಗೆಯೋಣ.

ಕರೆಂಟ್ ರೇಷಿಯೋ ಸುಲಭ. ಚಾಲ್ತಿ ಆಸ್ತಿಯನ್ನು ಚಾಲ್ತಿ ಹೊಣೆಯಿಂದ ಭಾಗಿಸಿ. 370 ಭಾಗಿಸು 310, 1.19. ಅಂದರೆ ಒಂದು ವರ್ಷದೊಳಗೆ ಕೊಡಬೇಕಾದ ಪ್ರತಿ ರೂಪಾಯಿಗೆ, ಒಂದು ವರ್ಷದೊಳಗೆ ದುಡ್ಡಾಗಬಹುದಾದ ಆಸ್ತಿ ಒಂದು ರೂಪಾಯಿ ಹತ್ತೊಂಬತ್ತು ಪೈಸೆ ಇದೆ. ಎರಡೂ ಮೊತ್ತ ಬ್ಯಾಲೆನ್ಸ್ ಶೀಟಿನಲ್ಲೇ 'ಟೋಟಲ್ ಕರೆಂಟ್ ಅಸೆಟ್ಸ್', 'ಟೋಟಲ್ ಕರೆಂಟ್ ಲಯಬಿಲಿಟೀಸ್' ಅಂತ ಸಿದ್ಧವಾಗಿ ಸಿಗುತ್ತವೆ. ಹುಡುಕಬೇಕಾಗಿಲ್ಲ.

1.19 ಒಳ್ಳೆಯದಾ ಕೆಟ್ಟದ್ದಾ? ಮುಂದಿನ ಸಾಲಿನಲ್ಲಿ ಕೂತಿದ್ದ, ಹಿಂದೆ ಅಂಗಡಿಗೆ ಓವರ್‌ಡ್ರಾಫ್ಟ್ ಸಾಲ ತಗೊಂಡಿದ್ದ ಒಬ್ಬರು "ಬ್ಯಾಂಕಿನವರು ಯಾವಾಗಲೂ 1.33, 1.33 ಅಂತಿದ್ರಲ್ಲ ಸಾರ್" ಅಂದರು. ಹೌದು, ಆ ಅಂಕಿ ಎಲ್ಲಿಂದ ಬಂತು ಅನ್ನೋದು ಸ್ವಾರಸ್ಯದ ಕತೆ. 1974ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಟಂಡನ್ ಸಮಿತಿ ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ವ್ಯಾಪಾರ ನಡೆಸಲು ಬೇಕಾದ ದುಡ್ಡಿನ ಸಾಲಕ್ಕೆ ಲೆಕ್ಕದ ವಿಧಾನಗಳನ್ನು ಹೇಳಿತು. ಅದರ ಎರಡನೇ ವಿಧಾನದಲ್ಲಿ, ಚಾಲ್ತಿ ಆಸ್ತಿಯ ಕಾಲು ಭಾಗಕ್ಕೆ ದುಡ್ಡು ದೀರ್ಘಾವಧಿ ಮೂಲದಿಂದ ಬರಬೇಕು, ಅಂದರೆ ಮಾಲೀಕನ ಬಂಡವಾಳ ಇಲ್ಲವೇ ದೀರ್ಘಾವಧಿ ಸಾಲದಿಂದ. ಹಾಗಾದರೆ ಚಾಲ್ತಿ ಹೊಣೆ ಮುಕ್ಕಾಲು ಭಾಗ ಮೀರುವಂತಿಲ್ಲ. ನೂರನ್ನು ಎಪ್ಪತ್ತೈದರಿಂದ ಭಾಗಿಸಿ, 1.33. ಅಷ್ಟೇ. ಅದು ದೇವರು ಬರೆದ ಅಂಕಿ ಅಲ್ಲ, ಸಾಲ ಎಷ್ಟು ಕೊಡಬಹುದು ಅನ್ನೋ ಒಂದು ಸೂತ್ರದ ಬಾಲ. ದಿನಾ ನಗದು ಬರುವ ಅಂಗಡಿ ಸರಣಿಯೊಂದು 0.9ರಲ್ಲೂ ಆರಾಮಾಗಿ ನಡೆಯಬಹುದು. ವರ್ಷಕ್ಕೊಂದೇ ಬೆಳೆ ಬರುವ ವ್ಯಾಪಾರ 1.4ರಲ್ಲೂ ಉಸಿರುಕಟ್ಟಬಹುದು.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಲೆಕ್ಕದ ವರ್ಷ ಮುಗಿಯೋದು ಮಾರ್ಚ್ 31. ಅಂದರೆ ಕಣದಿಂದ ಎತ್ತಿದ ಕಾಫಿಯೆಲ್ಲ ಗೋದಾಮಿನಲ್ಲಿ ತುಂಬಿ ಕೂತಿರುವ ಹೊತ್ತಿಗೇ ಫೋಟೋ ತೆಗೆದ ಹಾಗೆ. ಬ್ಯಾಲೆನ್ಸ್ ಶೀಟು ಒಂದು ದಿನದ ಫೋಟೋ, ಅಷ್ಟೇ. ನಮ್ಮ ಕಂಪನಿಯ 370ರಲ್ಲಿ 210 ಬರೀ ಸ್ಟಾಕು.

ಹಾಗಾದ್ರೆ ಮಾರ್ಚ್‌ನಲ್ಲಿ ಕರೆಂಟ್ ರೇಷಿಯೋ ಜಾಸ್ತಿ ಕಾಣಬೇಕು ಅಲ್ವಾ ಅಂತ ಆಲ್ದೂರು ಕಡೆಯ ಹುಡುಗನೊಬ್ಬ ಕೇಳಿದ. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಆ ಸ್ಟಾಕು ಯಾರ ದುಡ್ಡಿನಲ್ಲಿ ಬಂತು ಅನ್ನೋದರ ಮೇಲೆ ಹೋಗುತ್ತದೆ. ತೋಟದ ಸ್ವಂತ ಬೆಳೆಯಾದರೆ ಅನುಪಾತ ಮೇಲೇರುತ್ತದೆ. ಬ್ಯಾಂಕಿನಿಂದ ಸಾಲ ತಂದು ಕೊಂಡ ಕಾಫಿಯಾದರೆ ಎರಡು ಕಡೆಗೂ ಒಂದೇ ಮೊತ್ತ ಸೇರುತ್ತದೆ, ಆಗ ಒಂದಕ್ಕಿಂತ ಮೇಲಿದ್ದ ಅನುಪಾತ ಕೆಳಗಿಳಿದು ಒಂದರ ಹತ್ತಿರಕ್ಕೆ ಬರುತ್ತದೆ. ಲೆಕ್ಕ ಮಾಡಿ ನೋಡಿ. ನಮ್ಮ ಕಂಪನಿ ಮಾರ್ಚ್ ಕೊನೆಗೆ 60 ಕೋಟಿಯ ಸರಕನ್ನು ಮಾರಿ ಆ ದುಡ್ಡನ್ನು ಬ್ಯಾಂಕಿಗೆ ಕಟ್ಟಿಬಿಟ್ಟರೆ, ಲಾಭದ ಮಾತು ಬಿಟ್ಟುಬಿಡಿ, ಆಸ್ತಿ 310, ಹೊಣೆ 250. ಅನುಪಾತ 1.24. ಕಂಪನಿ ಒಂದು ಪೈಸೆ ಬಲವಾಗಿಲ್ಲ, ಆದರೂ ಅಂಕಿ ಚೆಂದ ಆಯಿತು.

ಕೆಲವರು ಇದನ್ನೇ ಬೇಕಂತ ಮಾಡ್ತಾರೆ. ಗಿರಾಕಿಗಳಿಂದ ಬರಬೇಕಾದ ಬಿಲ್ಲುಗಳನ್ನು ಮಾರ್ಚ್ 28ಕ್ಕೆ ಬ್ಯಾಂಕಿಗೆ ಮಾರಿ, ಸಾಲ ತೀರಿಸಿ, ಏಪ್ರಿಲ್ 5ಕ್ಕೆ ಮತ್ತೆ ಸಾಲ ಎತ್ತುವುದು. ಕಂಡುಹಿಡಿಯೋದು ಹೇಗೆ? ಶೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳು ಸೆಪ್ಟೆಂಬರ್ 30ರ ಆಸ್ತಿ-ಹೊಣೆ ಪಟ್ಟಿಯನ್ನೂ ಅರ್ಧವಾರ್ಷಿಕ ಫಲಿತಾಂಶದ ಜೊತೆ ಕೊಡಬೇಕು, ಸೆಬಿ ನಿಯಮ ಅದು. ಮಾರ್ಚ್, ಸೆಪ್ಟೆಂಬರ್, ಮಾರ್ಚ್, ಸೆಪ್ಟೆಂಬರ್ ಅಂತ ನಾಲ್ಕು ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ಸೀಸನ್ನಿನ ಏರಿಳಿತ ಯಾವುದು, ಮುಖಕ್ಕೆ ಹಚ್ಚಿದ ಪೌಡರ್ ಯಾವುದು ಅಂತ ಬಹಳಷ್ಟು ಸಲ ಅಲ್ಲೇ ಗೊತ್ತಾಗುತ್ತದೆ.

ಇನ್ನು ಆ 370ರ ಒಳಗೆ ಕೈ ಹಾಕೋಣ. ಸ್ಟಾಕು 210, ಗಿರಾಕಿಗಳಿಂದ ಬರಬೇಕಾದ್ದು 95, ನಗದು 8, ಇತರೆ ಬ್ಯಾಂಕ್ ಠೇವಣಿ 22, ಉಳಿದದ್ದು ಅಂದರೆ ಮುಂಗಡ, ಜಿಎಸ್‌ಟಿ ವಾಪಸ್ ಬರಬೇಕಾದ್ದು ಇತ್ಯಾದಿ 35. ಬರಬೇಕಾದ 95ರ ಪಕ್ಕ ಒಂದು ನೋಟಿನ, ಅಂದರೆ ಲೆಕ್ಕದ ಹಿಂದೆ ಕೊಡುವ ಟಿಪ್ಪಣಿಯ ಸಂಖ್ಯೆ ಇರುತ್ತದೆ. ಆ ನೋಟಿಗೆ ಹೋಗಿ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಕಂಪನಿ ಕಾನೂನಿನ ತಿದ್ದುಪಡಿಯ ಪ್ರಕಾರ ಆ ಬಾಕಿ ಎಷ್ಟು ಹಳೆಯದು ಅಂತ ಕಂಪನಿ ಕೋಷ್ಟಕ ಹಾಕಿ ತೋರಿಸಬೇಕು: ಆರು ತಿಂಗಳೊಳಗಿನದು, ಆರು ತಿಂಗಳಿಂದ ವರ್ಷ, ಒಂದರಿಂದ ಎರಡು ವರ್ಷ, ಹೀಗೆ. ನಮ್ಮ ಕಂಪನಿಯಲ್ಲಿ 22 ಕೋಟಿ ಒಂದು ವರ್ಷಕ್ಕೂ ಹಳೆಯದು. ಕಾಫಿ ಕೊಂಡವನು ವರ್ಷವಾದರೂ ದುಡ್ಡು ಕೊಟ್ಟಿಲ್ಲ ಅಂದರೆ ಮುಂದಿನ ವರ್ಷ ಕೊಡ್ತಾನೆ ಅಂತ ನಾನಂತೂ ನಂಬೋದಿಲ್ಲ. ಹಾಗೇ ಠೇವಣಿಯ ನೋಟು ನೋಡಿ. 22ರಲ್ಲಿ 18 ಕೋಟಿ ಮಾರ್ಜಿನ್ ಮನಿ, ಅಂದರೆ ಬ್ಯಾಂಕಿನ ಹತ್ತಿರ ಅಡವು. ಆ ದುಡ್ಡಿನಲ್ಲಿ ನಾಳೆ ಕೂಲಿ ಕೊಡೋಕಾಗಲ್ಲ. ಎರಡನ್ನೂ ಕಳೆದರೆ 370 ಹೋಗಿ 330. ಈಗ ಅನುಪಾತ 1.06.

ಸ್ಟಾಕನ್ನೂ ಪೂರ್ತಿ ತೆಗೆದು ನೋಡುವ ಕ್ವಿಕ್ ರೇಷಿಯೋ ಅಂತ ಒಂದಿದೆ. ಕಾಫಿಗೆ ದಿನಬೆಳಗಾದರೆ ಬೆಲೆ ಇರುತ್ತದೆ, ಕೊಳ್ಳುವವರಿರುತ್ತಾರೆ, ಹಾಗಾಗಿ ಇಂಥ ಕಂಪನಿಗೆ ಅದು ಸ್ವಲ್ಪ ಅನ್ಯಾಯ ಅಂತ ನನ್ನ ಅಭಿಪ್ರಾಯ. ಸೀರೆ, ಫ್ಯಾಷನ್ ಬಟ್ಟೆ, ಮೊಬೈಲ್ ಮಾರೋ ಕಂಪನಿಗಾದರೆ ಖಂಡಿತ ಮಾಡಿ.

ಈಗ ಸಾಲ ಮತ್ತು ಬಂಡವಾಳದ ಅನುಪಾತ. ಅವತ್ತು ನಾನು ಬ್ಯಾಲೆನ್ಸ್ ಶೀಟಿನ ಹೊಣೆಯ ಭಾಗವನ್ನು ಬೋರ್ಡಿನಲ್ಲಿ ಬರೆದು, ಒಟ್ಟು ಸಾಲ ಎಷ್ಟು ಹೇಳಿ ಅಂದೆ. ಹೆಚ್ಚು ಜನ 180 ಅಂದರು. ಯಾಕೆಂದರೆ ಮೇಲಿನಿಂದ ಓದುತ್ತಾ ಬಂದಾಗ ದೀರ್ಘಾವಧಿ ಹೊಣೆಯ ಕೆಳಗೆ 'ಬಾರೋಯಿಂಗ್ಸ್ 180' ಅಂತ ಮೊದಲು ಕಾಣುತ್ತದೆ. 180 ಭಾಗಿಸು 300, ಅನುಪಾತ 0.60. ಬಹಳ ಆರೋಗ್ಯವಂತ ಕಂಪನಿ.

ಕೆಳಗೆ ಇಳಿಯಿರಿ. ಚಾಲ್ತಿ ಹೊಣೆಯ ಕೆಳಗೆ ಮತ್ತೊಂದು 'ಬಾರೋಯಿಂಗ್ಸ್' ಇದೆ, 190. ಅದೇ ಹೆಸರು, ಬೇರೆ ಜಾಗ. ಇದರ ನೋಟು ತೆರೆದರೆ 150 ದುಡಿಯುವ ಬಂಡವಾಳದ ಸಾಲ, 40 ಅನ್ನೋದು ದೀರ್ಘಾವಧಿ ಸಾಲದಲ್ಲೇ ಮುಂದಿನ ಹನ್ನೆರಡು ತಿಂಗಳಲ್ಲಿ ಕಟ್ಟಬೇಕಾದ ಕಂತು. ಒಂದೇ ಸಾಲವನ್ನು ಸೀಳಿ, ಈ ವರ್ಷದ ಕಂತನ್ನು ಕೆಳಗಿಟ್ಟು ಉಳಿದದ್ದನ್ನು ಮೇಲಿಟ್ಟಿದ್ದಾರೆ. ಮೋಸ ಏನೂ ಅಲ್ಲ, ನಿಯಮವೇ ಹಾಗಿದೆ. ಮೊದಲು ಈ ಕಂತನ್ನು 'ಇತರೆ ಹಣಕಾಸು ಹೊಣೆ' ಅನ್ನೋ ಸಾಲಿನೊಳಗೆ ಹಾಕ್ತಿದ್ದರು, ಅದೇ 2021ರ ತಿದ್ದುಪಡಿ ಆದ ಮೇಲೆ ಅಲ್ಪಾವಧಿ ಸಾಲದ ಜೊತೆ ಬೇರೆಯಾಗಿ ತೋರಿಸ್ತಾರೆ. ಹಾಗಾಗಿ ಹತ್ತು ವರ್ಷದ ಲೆಕ್ಕ ಜೋಡಿಸೋರು ಹುಷಾರು. ಹಳೆಯ ವರದಿಗಳಲ್ಲಿ ಬರೀ 'ಬಾರೋಯಿಂಗ್ಸ್' ಅನ್ನೋ ಎರಡು ಸಾಲು ಕೂಡಿಸಿದರೆ ಆ ವರ್ಷದ ಕಂತು ತಪ್ಪಿಹೋಗುತ್ತದೆ, ಆಮೇಲೆ 2022ರಲ್ಲಿ ಸಾಲ ದಿಢೀರ್ ಅಂತ ಏರಿದ ಹಾಗೆ ಕಾಣುತ್ತದೆ.

180, 190, ಒಟ್ಟು 370. ಅನುಪಾತ 1.23. ಆಗಲೇ ಎರಡರಷ್ಟಾಯಿತು.

ಇನ್ನೂ ಮುಗಿದಿಲ್ಲ. 'ಲೀಸ್ ಲಯಬಿಲಿಟೀಸ್' ಅಂತ ಮೇಲೆ 28, ಕೆಳಗೆ 6 ಇದೆ. ಗೋದಾಮು, ಅಂಗಡಿ, ಯಂತ್ರ ಬಾಡಿಗೆಗೆ ಹಿಡಿದರೆ ಮುಂದಿನ ವರ್ಷಗಳ ಬಾಡಿಗೆಯ ಇವತ್ತಿನ ಬೆಲೆಯನ್ನು ಹೊಣೆಯಾಗಿ ತೋರಿಸಬೇಕು ಅಂತ 2019ರ ಏಪ್ರಿಲ್‌ನಿಂದ ಇಂಡ್ ಎಎಸ್ 116 ಅನ್ನೋ ಲೆಕ್ಕಪತ್ರದ ಮಾನದಂಡ ಹೇಳುತ್ತದೆ. ಇದನ್ನು ಸಾಲಕ್ಕೆ ಸೇರಿಸಬೇಕಾ ಬೇಡವಾ ಅಂತ ಲೆಕ್ಕಿಗರಲ್ಲೇ ಎರಡು ಮಾತಿದೆ. ನಾನು ಸೇರಿಸ್ತೇನೆ. ಮಾಲೀಕನಿಗೆ ಬಾಡಿಗೆ ಕಟ್ಟದಿದ್ದರೆ ಅವನೂ ಬೀಗ ಹಾಕ್ತಾನಲ್ಲ. ಅಲ್ಲದೆ ಅದರ ಬಡ್ಡಿಯನ್ನು ಲಾಭ-ನಷ್ಟದಲ್ಲಿ ಬಡ್ಡಿ ಖರ್ಚಿನ ಜೊತೆಗೇ ಹಾಕಿರುತ್ತಾರೆ, ಹಾಗಿರುವಾಗ ಅಸಲನ್ನು ಬಿಟ್ಟು ಬಡ್ಡಿಯನ್ನು ಮಾತ್ರ ಎಣಿಸುವುದು ಸರಿಬರುವುದಿಲ್ಲ. 370ಕ್ಕೆ 34 ಸೇರಿಸಿ, 404. ಅನುಪಾತ 1.35.

ಇಷ್ಟು ಹೊತ್ತು ಮೇಲಿನ ಸಂಖ್ಯೆ ಮಾತ್ರ ನೋಡಿದೆವು. ಕೆಳಗಿನ 300ನ್ನು ಯಾರೂ ಮುಟ್ಟೋದಿಲ್ಲ, ಅದು ಗಟ್ಟಿ ಅಂದುಕೊಳ್ತಾರೆ. ಶೇರು ಬಂಡವಾಳ 20, 'ಅದರ್ ಈಕ್ವಿಟಿ' 280. ಈ 280 ಏನು? ವರ್ಷವರ್ಷ ಉಳಿಸಿದ ಲಾಭ ಅಂತ ಎಲ್ಲರೂ ಅಂದರು. ನೋಟು ತೆಗೆದು ನೋಡಿದರೆ ಅದರಲ್ಲಿ 80 ಕೋಟಿ ಜಮೀನಿನ ಮರುಬೆಲೆಯಿಂದ ಬಂದದ್ದು. ಅಜ್ಜನ ಕಾಲದಲ್ಲಿ ಪುಡಿಗಾಸಿಗೆ ತಗೊಂಡ ತೋಟಕ್ಕೆ ಇವತ್ತಿನ ಬೆಲೆ ಕಟ್ಟಿ, ಹೆಚ್ಚಾದದ್ದನ್ನು ಬಂಡವಾಳದ ಕಡೆ ಬರೆದಿದ್ದಾರೆ. ನಿಯಮದ ಪ್ರಕಾರವೇ ಮಾಡಿದ್ದು, ತಪ್ಪಲ್ಲ. ಆದರೆ ನಿಮ್ಮ ತೋಟದ ಎಕರೆಗೆ ಬೆಲೆ ಏರಿತು ಅಂತ ನಿಮ್ಮ ಕೈಗೆ ದುಡ್ಡು ಬಂತಾ? ಇಲ್ಲ. ಬ್ಯಾಂಕಿನಲ್ಲಿ ನಾವು ಸ್ವಂತ ಬಂಡವಾಳ ಎಣಿಸುವಾಗ ಮರುಬೆಲೆಯ ಮೊತ್ತವನ್ನು ಬದಿಗೆ ಸರಿಸ್ತಿದ್ದೆವು. ಹಾಗೆ ಸರಿಸಿದರೆ 220 ಉಳಿಯುತ್ತದೆ. 404 ಭಾಗಿಸು 220, 1.84.

0.60ರಿಂದ ಶುರುವಾಗಿ 1.84. ಕಂಪನಿ ಅದೇ, ದಿನವೂ ಅದೇ. ನೀವು 1.84 ಅಂತಲೇ ಹೇಳಬೇಕು ಅಂತ ನನ್ನ ಹಟ ಇಲ್ಲ. 1.35 ಅಂದರೂ ಒಪ್ಪುತ್ತೇನೆ. ಆದರೆ ಎರಡು ಕಂಪನಿ ಹೋಲಿಸುವಾಗ ಎರಡಕ್ಕೂ ಒಂದೇ ಕೊಳಗ ಇರಲಿ.

ಇಲ್ಲಿಗೆ ಟೀ ಬಂತು, ಕಾಫಿಯ ಊರಿನಲ್ಲಿ ಟೀ ಯಾಕೆ ಅಂತ ಒಂದು ಜಗಳವೂ ಆಯಿತು. ಆಮೇಲೆ ಬಡ್ಡಿ ಕವರ್.

ಕಂಪನಿಯ ದುಡಿಮೆ ಬಡ್ಡಿಯ ಎಷ್ಟು ಪಟ್ಟು ಇದೆ ಅನ್ನೋದು ಇದರ ತಿರುಳು. ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚಿನ ಲಾಭವನ್ನು ಬಡ್ಡಿಯಿಂದ ಭಾಗಿಸಬೇಕು. ತೊಂದರೆ ಏನೆಂದರೆ ನಮ್ಮ ದೇಶದ ಲಾಭ-ನಷ್ಟ ಪಟ್ಟಿಯ ನಮೂನೆಯಲ್ಲಿ ಆ ಲಾಭ ಒಂದು ಸಾಲಾಗಿ ಸಿಗೋದಿಲ್ಲ. ಕೆಳಗಿನಿಂದ ಮೇಲಕ್ಕೆ ಹತ್ತಬೇಕು. 'ಪ್ರಾಫಿಟ್ ಬಿಫೋರ್ ಟ್ಯಾಕ್ಸ್' ತಗೊಂಡು ಅದಕ್ಕೆ 'ಫೈನಾನ್ಸ್ ಕಾಸ್ಟ್ಸ್' ವಾಪಸ್ ಕೂಡಿಸಬೇಕು. ನಮ್ಮ ಕಂಪನಿಯ ತೆರಿಗೆಗೆ ಮುಂಚಿನ ಲಾಭ 42, ಬಡ್ಡಿ 32. ಕೂಡಿಸಿದರೆ 74. ಭಾಗಿಸಿದರೆ 2.31. ಬಡ್ಡಿಯ ಎರಡು ಪಟ್ಟಿಗಿಂತ ಜಾಸ್ತಿ ದುಡಿಮೆ, ಪರವಾಗಿಲ್ಲ ಅನ್ನಿಸುತ್ತದೆ.

ಈಗ ಆ 42ರ ಮೇಲಿನ ಸಾಲು ಓದಿ. 'ಎಕ್ಸೆಪ್ಷನಲ್ ಐಟಮ್ಸ್ 18'. ನೋಟಿನಲ್ಲಿ ಬರೆದಿದೆ: ತೋಟದ ಒಂದು ಭಾಗ ಮಾರಿದ ಲಾಭ. ಅದು ಪ್ರತಿ ವರ್ಷ ಬರುವ ದುಡ್ಡಲ್ಲ, ಬಡ್ಡಿ ಮಾತ್ರ ಪ್ರತಿ ವರ್ಷ ಬರುತ್ತದೆ. ತೆಗೆದುಬಿಡಿ. 56 ಭಾಗಿಸು 32, 1.75. ಹಾಗೇ ಮೇಲೆ ಹೋದರೆ 'ಇತರೆ ಆದಾಯ 14' ಇದೆ. ಠೇವಣಿಯ ಬಡ್ಡಿ, ಡಾಲರ್ ಏರಿದ್ದರಿಂದ ಬಂದ ಲಾಭ, ಹಳೆಯ ಬಾಕಿ ಕೊಡಬೇಕಾಗಿಲ್ಲ ಅಂತ ವಾಪಸ್ ಬರೆದುಕೊಂಡದ್ದು, ಎಲ್ಲ ಅದರೊಳಗಿವೆ. ಠೇವಣಿ ಬಡ್ಡಿ ಸೇರಿಸಿಕೊಳ್ಳಿ ಅಂತ ವಾದಿಸಬಹುದು, ನ್ಯಾಯವೂ ಹೌದು. ನಾನು ಮೊದಲ ಸುತ್ತಿನಲ್ಲಿ ಪೂರ್ತಿ ತೆಗೀತೇನೆ, ವ್ಯಾಪಾರ ಒಂದೇ ನಿಂತರೆ ನಿಲ್ಲುತ್ತದಾ ಅಂತ ನೋಡೋಕೆ. 42 ಭಾಗಿಸು 32, 1.31. ಈ 42 ಮೇಲಿನ 42 ಅಲ್ಲ, ಸುಮ್ನೆ ಅಂಕಿ ಕೂಡಿಬಂದಿದೆ. ಇದು ಬಡ್ಡಿಗೆ ಮುಂಚಿನ ಶುದ್ಧ ವ್ಯಾಪಾರದ ಲಾಭ.

ಭಾಜ್ಯ ಆಯಿತು, ಭಾಜಕಕ್ಕೆ ಬನ್ನಿ. 32 ಕೋಟಿ ಬಡ್ಡಿ ಪೂರ್ತಿ ಬಡ್ಡಿಯಾ? ಅವತ್ತು ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದ ಜಾಗ ಇದು. ಇನ್‌ಸ್ಟಂಟ್ ಕಾಫಿ ಘಟಕ ಇನ್ನೂ ಕಟ್ಟುತ್ತಿದ್ದಾರೆ ಅಂತ ಮೊದಲೇ ಹೇಳಿದ್ದೆ. ಬ್ಯಾಲೆನ್ಸ್ ಶೀಟಿನಲ್ಲಿ 'ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್' ಅಂತ ಅದು 120 ಕೋಟಿ ಕೂತಿದೆ. ಘಟಕ ಕಟ್ಟಲು ತಂದ ಸಾಲದ ಬಡ್ಡಿಯನ್ನು, ಘಟಕ ಶುರುವಾಗುವವರೆಗೆ, ಲಾಭ-ನಷ್ಟಕ್ಕೆ ಹಾಕದೆ ಘಟಕದ ಬೆಲೆಗೇ ಸೇರಿಸಬೇಕು ಅಂತ ಇಂಡ್ ಎಎಸ್ 23 ಹೇಳುತ್ತದೆ. ಮನೆ ಕಟ್ಟೋರು ಸಾಲದ ಬಡ್ಡಿಯನ್ನೂ ಮನೆಯ ಖರ್ಚಿಗೇ ಬರೆದುಕೊಂಡ ಹಾಗೆ. ಬ್ಯಾಂಕಿಗೆ ದುಡ್ಡು ಹೋಗಿದೆ, ಲಾಭ-ನಷ್ಟದಲ್ಲಿ ಮಾತ್ರ ಕಾಣೋದಿಲ್ಲ. ಎಷ್ಟು ಅಂತ ನೋಟಿನಲ್ಲಿ ಹೇಳಲೇಬೇಕು. ಸಾಮಾನ್ಯವಾಗಿ ಬಡ್ಡಿ ಖರ್ಚಿನ ನೋಟಿನ ಕೊನೆಯಲ್ಲಿ ಕಳೆದು ತೋರಿಸ್ತಾರೆ, ಇಲ್ಲದಿದ್ದರೆ ಸ್ಥಿರಾಸ್ತಿಯ ನೋಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ವಾಕ್ಯ ಇರುತ್ತದೆ. ನಮ್ಮ ಕಂಪನಿಯಲ್ಲಿ ಅದು 8 ಕೋಟಿ.

ಅಂದರೆ ನಿಜವಾದ ಬಡ್ಡಿ 40. ದುಡಿಮೆ 42. ಕವರ್ 1.05.

ನೋಟು ಓದುವ ಮುಂಚೆಯೇ ಅನುಮಾನ ಬರಲು ಒಂದು ಉಪಾಯ ಇದೆ, ನಾವು ಬ್ಯಾಂಕಿನಲ್ಲಿ ಕಣ್ಣಂದಾಜಿಗೆ ಮಾಡ್ತಿದ್ದದ್ದು. ಕಳೆದ ಮಾರ್ಚ್‌ನ ಸಾಲ, ಈ ಮಾರ್ಚ್‌ನ ಸಾಲ, ಎರಡರ ಸರಾಸರಿ ತೆಗೆಯಿರಿ. ನಮ್ಮ ಕಂಪನಿಗೆ ಹೆಚ್ಚುಕಮ್ಮಿ 400. ಬಡ್ಡಿ 32 ಅಂದರೆ ನೂರಕ್ಕೆ 8. ಸಾಲದ ನೋಟಿನಲ್ಲಿ ದರ ನೂರಕ್ಕೆ 10ರ ಆಸುಪಾಸು ಅಂತ ಬರೆದಿದೆ. 10ರಂತೆ 40 ಆಗಬೇಕಿತ್ತು, ಮಿಕ್ಕ 8 ಎಲ್ಲಿ ಅಂತ ಹುಡುಕಲು ಹೊರಡಿ. ಇದು ಅಂದಾಜು ಮಾತ್ರ. ಸೀಸನ್ನಿನ ಕಂಪನಿಗಳಲ್ಲಿ ಮಾರ್ಚ್ ಸಾಲ ವರ್ಷದ ಸರಾಸರಿಗಿಂತ ಜಾಸ್ತಿ ಇರಬಹುದು, ಆಗಲೂ ದರ ಕಮ್ಮಿ ಕಾಣುತ್ತದೆ. ಉಲ್ಟಾ, ಲೆಕ್ಕ ಹಾಕಿದರೆ ನೂರಕ್ಕೆ 14 ಬಂತು ಅಂದುಕೊಳ್ಳಿ, ವರ್ಷದ ನಡುವೆ ಸಾಲ ಬಹಳ ಇತ್ತು, ಮಾರ್ಚ್ ಕೊನೆಗೆ ತಗ್ಗಿಸಿ ತೋರಿಸಿದ್ದಾರೆ ಅನ್ನೋ ಅನುಮಾನ. ಮೊದಲು ಹೇಳಿದ ಪೌಡರ್ ಕತೆ ಇಲ್ಲೂ ಸಿಕ್ಕಿಬೀಳುತ್ತದೆ.

"ಇಷ್ಟೆಲ್ಲ ಯಾಕೆ ಸಾರ್, ಕಂಪನಿಯವರೇ ಅನುಪಾತ ಅಚ್ಚು ಹಾಕ್ತಾರಲ್ಲ" ಅಂತ ಒಬ್ಬರು ಮೇಡಂ ಕೇಳಿದರು. ಹಾಕ್ತಾರೆ. ಕರೆಂಟ್ ರೇಷಿಯೋ, ಸಾಲದ ಅನುಪಾತ ಸೇರಿ 11 ಅನುಪಾತಗಳನ್ನು ಲೆಕ್ಕದ ನೋಟಿನಲ್ಲಿ ಕೊಡಬೇಕು, ಮೇಲೆ ಕೆಳಗೆ ಏನೇನು ತಗೊಂಡಿದ್ದೇವೆ ಅಂತ ಹೇಳಬೇಕು, ಹಿಂದಿನ ವರ್ಷಕ್ಕಿಂತ ನೂರಕ್ಕೆ 25ಕ್ಕಿಂತ ಜಾಸ್ತಿ ಬದಲಾದರೆ ಕಾರಣ ಕೊಡಬೇಕು. ಬಡ್ಡಿ ಕವರ್ ಆ 11ರಲ್ಲಿ ಇಲ್ಲ. ಅದನ್ನು ಸೆಬಿ ನಿಯಮದಂತೆ ಆಡಳಿತ ಮಂಡಳಿಯ ಚರ್ಚೆಯ ಭಾಗದಲ್ಲಿ ಹುಡುಕಬೇಕು. ನಮ್ಮ ಕಂಪನಿ ಅಲ್ಲಿ 3.19 ಅಂತ ಹಾಕಿಕೊಂಡಿದೆ ಅನ್ನಿ. ಸುಳ್ಳಲ್ಲ. ತೆರಿಗೆಗೆ ಮುಂಚಿನ 42ಕ್ಕೆ ಬಡ್ಡಿ 32 ಕೂಡಿಸಿ, ಮತ್ತೆ ಯಂತ್ರ ಸವೆದದ್ದಕ್ಕೆ ಬರೆಯುವ ಸವಕಳಿ 28ನ್ನೂ ಕೂಡಿಸಿದ್ದಾರೆ, 102. ಭಾಗಿಸು 32. ತೋಟ ಮಾರಿದ್ದೂ ಒಳಗಿದೆ, ಇತರೆ ಆದಾಯವೂ ಒಳಗಿದೆ, ಘಟಕಕ್ಕೆ ಸೇರಿಸಿದ ಬಡ್ಡಿ ಮಾತ್ರ ಹೊರಗಿದೆ. ಅಚ್ಚಾದ ಅನುಪಾತಕ್ಕಿಂತ ಅದರ ಪಕ್ಕದ ಸೂತ್ರವನ್ನು ಮೊದಲು ಓದಿ.

ಆಡಿಟರ್ ವರದಿಯ ಅನುಬಂಧವನ್ನೂ ಬಿಡಬೇಡಿ. ಕಾರೋ 2020 ಅಂತ ಕರೀತಾರೆ, ಸ್ಟ್ಯಾಂಡ್‌ಅಲೋನ್ ಲೆಕ್ಕದ ಜೊತೆ ಇರುತ್ತದೆ. ಅದರ ಒಂಬತ್ತನೇ ಕಲಮಿನಲ್ಲಿ ಎರಡು ವಿಷಯ ಸಿಗುತ್ತದೆ. ಸಾಲ ಕಟ್ಟುವುದರಲ್ಲಿ ತಪ್ಪಿದ್ದಾರಾ ಅನ್ನೋದು ಒಂದು. ಅಲ್ಪಾವಧಿಗೆ ತಂದ ದುಡ್ಡನ್ನು ದೀರ್ಘಾವಧಿ ಕೆಲಸಕ್ಕೆ ಹಾಕಿದ್ದಾರಾ ಅನ್ನೋದು ಇನ್ನೊಂದು, ಹಾಕಿದ್ದರೆ ಎಷ್ಟು ಅಂತಲೂ ಬರೆದಿರುತ್ತಾರೆ. ಓವರ್‌ಡ್ರಾಫ್ಟ್ ದುಡ್ಡಿನಲ್ಲಿ ಘಟಕ ಕಟ್ಟಿದರೆ ಕರೆಂಟ್ ರೇಷಿಯೋ ಯಾಕೆ ಕುಸಿಯಿತು ಅನ್ನೋದಕ್ಕೆ ಉತ್ತರ ಅಲ್ಲೇ ಒಂದು ಸಾಲಿನಲ್ಲಿ ಇರುತ್ತದೆ.

ಬ್ಯಾಂಕ್ ಶೇರಿಗೂ ಇದೇ ಲೆಕ್ಕ ಹಾಕಬಹುದಾ ಅಂತ ಒಂದು ಪ್ರಶ್ನೆ ಬಂತು. ಬೇಡ. ಬ್ಯಾಂಕಿನ ಸರಕೇ ಸಾಲ, ಅವರ ಬ್ಯಾಲೆನ್ಸ್ ಶೀಟಿನಲ್ಲಿ ಚಾಲ್ತಿ ಅಂತ ಬೇರೆ ವಿಭಾಗವೂ ಇರೋದಿಲ್ಲ. ಅದು ಬೇರೆ ಭಾನುವಾರದ ಮಾತು.

ಕೊನೆಗೆ, ಮೂಡಿಗೆರೆಯಿಂದ ಬಂದಿದ್ದ ಹಿರಿಯರೊಬ್ಬರು, ಇಡೀ ಹೊತ್ತು ಕೊಡೆಯ ಮೇಲೆ ಕೈಯೂರಿ ಕೂತಿದ್ದವರು, "ಬಡ್ಡಿ ಸರಿ ಕಣಪ್ಪ, ಅಸಲು ಯಾರು ಕಟ್ತಾರೆ?" ಅಂದರು. ಬಡ್ಡಿ ಕವರ್‌ಗೆ ಅಸಲು ಕಾಣೋದೇ ಇಲ್ಲ, ಇದು ಅದರ ದೊಡ್ಡ ಕುರುಡು. ಹಾಗಾಗಿ ಬೋರ್ಡಿನ ಮೂಲೆಯಲ್ಲಿ ಉಳಿದ ಜಾಗದಲ್ಲಿ ಅದನ್ನೂ ಬರೆದೆವು. ವ್ಯಾಪಾರದ ಲಾಭ 42, ನಗದಾಗಿ ಹೋಗದ ಸವಕಳಿ 28, ಇತರೆ ಆದಾಯವನ್ನೂ ಉದಾರವಾಗಿ ಪೂರ್ತಿ ಸೇರಿಸಿ 14. ಒಟ್ಟು 84. ಬಡ್ಡಿ 40, ತೆರಿಗೆ 10 ಹೋದರೆ 34 ಉಳಿಯಿತು, ಅದೂ ಸ್ಟಾಕಿಗೆ ಹೊಸದಾಗಿ ದುಡ್ಡು ಹಾಕಿಲ್ಲ ಅಂದುಕೊಂಡರೆ. ಕಳೆದ ವರ್ಷ ದೀರ್ಘಾವಧಿ ಸಾಲಕ್ಕೆ ಕಟ್ಟಿದ ಕಂತು 38, ಲೀಸಿನ ಅಸಲು 6. ನಗದು ಹರಿವಿನ ಪಟ್ಟಿಯ ಮೂರನೇ ಭಾಗದಲ್ಲಿ ಎರಡೂ ಸಿಗುತ್ತವೆ. 44 ಕಟ್ಟಿದ್ದಾರೆ, ಇದ್ದದ್ದು 34.

"ಹತ್ತು ಎಲ್ಲಿಂದ ಬಂತು?" ಅಂದರು ಅವರು.

ಅದೇ ಪಟ್ಟಿಯ ಎರಡನೇ ಭಾಗ ತೋರಿಸಿದೆ. ಆಸ್ತಿ ಮಾರಿದ್ದರಿಂದ ಬಂದ ಹಣ, 25 ಕೋಟಿ.

"ತೋಟ ಮಾರಿ ಕಂತು ಕಟ್ಟಿದ್ದು, ಹಂಗಂದ್ರೆ." ಅವರು ಕೊಡೆ ಬಿಚ್ಚಿಕೊಂಡು ಎದ್ದರು. ಮುಂದಿನ ವರ್ಷದ ಕಂತು 40, ಅದು ಚಾಲ್ತಿ ಹೊಣೆಯ ನೋಟಿನಲ್ಲಿ ಆಗಲೇ ಬರೆದಿತ್ತು.